ಮೊದಲು ಚೆಂಡು ನಿಲ್ಲಲಿ

ಪ್ರಶ್ನೆ: ಸರ್, ಕುಮಟಾ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಎಂಟನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಹಾಕಿ ಸ್ಟಿಕ್ ಇರುವುದು 14. ನಾಲ್ಕು ಮಕ್ಕಳು ತಾಲೂಕು ಮಟ್ಟದಲ್ಲಿ ಆಡಿದವರು, ಅರ್ಧದಷ್ಟು ಮಂದಿ ಸ್ಟಿಕ್ ಮುಟ್ಟಿದ್ದೇ ಈ ವರ್ಷ. ಡ್ರಿಬ್ಲಿಂಗಿನಿಂದ ಶುರು ಮಾಡಿದೆ. ಎರಡು ವಾರ ಆಯಿತು, ಚೆಂಡು ಎತ್ತೆತ್ತಲೋ ಓಡುತ್ತದೆ, ಕಲಿತವರಿಗೆ ಬೇಜಾರು, ಕಲಿಯದವರಿಗೆ ಹೆದರಿಕೆ. ಡ್ರಿಬ್ಲಿಂಗ್, ಪುಶ್ ಪಾಸ್, ಚೆಂಡು ನಿಲ್ಲಿಸುವುದು, ಈ ಮೂರನ್ನು ಯಾವ ಕ್ರಮದಲ್ಲಿ ಕಲಿಸಲಿ? ವಾರಕ್ಕೆ 40 ನಿಮಿಷದ ಎರಡು ಪಿರಿಯಡ್ ಸಿಗುತ್ತದೆ.

ಉತ್ತರ: ಅಕ್ಕೋರೇ, ಕ್ರಮವನ್ನು ತಿರುವಿ ಹಾಕಿ. ಮೊದಲು ನಿಲ್ಲಿಸುವುದು, ಆಮೇಲೆ ಪುಶ್, ಕೊನೆಗೆ ಡ್ರಿಬಲ್. ಎಂಟು ಪಿರಿಯಡ್ ಇಟ್ಟುಕೊಳ್ಳಿ, ಅಂದರೆ ಒಂದು ತಿಂಗಳು. ಮೂರು ಪಿರಿಯಡ್ ನಿಲ್ಲಿಸುವುದಕ್ಕೆ, ಎರಡು ಪುಶ್‌ಗೆ, ಎರಡು ಡ್ರಿಬಲ್‌ಗೆ, ಒಂದು ಮೂರನ್ನೂ ಕೂಡಿಸಿ ಆಡುವುದಕ್ಕೆ.

ಡ್ರಿಬ್ಲಿಂಗಿನಿಂದ ಶುರು ಮಾಡುವುದು ಎಲ್ಲರ ರೂಢಿ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಡ್ರಿಬಲ್ ನೋಡಲಿಕ್ಕೆ ಸುಲಭ, ಪಾಸ್ ಕೊಡಲು ಇನ್ನೊಬ್ಬರು ಬೇಡ, ಸಾಲಾಗಿ ನಿಲ್ಲಿಸಿ ಓಡಿಸಿದರೆ ಕ್ಲಾಸು ನಡೆದಂತೆ ಕಾಣುತ್ತದೆ. ಆದರೆ ಡ್ರಿಬಲ್ ಅಂದರೆ ಏನು? ಓಡುತ್ತಾ ಚೆಂಡನ್ನು ಸ್ವಲ್ಪ ದೂಡುವುದು, ಸ್ವಲ್ಪ ತಡೆಯುವುದು, ಮತ್ತೆ ದೂಡುವುದು. ನಿಂತಲ್ಲೇ ದೂಡಲು, ತಡೆಯಲು ಬಾರದವರಿಗೆ ಓಡುತ್ತಾ ಎರಡನ್ನೂ ಮಾಡು ಅಂದರೆ ಏನಾಗಬೇಕೋ ನಿಮ್ಮ ಕ್ಲಾಸಿನಲ್ಲಿ ಅದೇ ಆಗಿದೆ. ಚೆಂಡು ಮುಂದೆ ಓಡುತ್ತದೆ, ಮಗು ಅದರ ಹಿಂದೆ ಓಡುತ್ತದೆ. ಓಡುವುದರ ಅಭ್ಯಾಸ ಆಯಿತು ಅಷ್ಟೇ.

ಸ್ಟಿಕ್ ಕಡಿಮೆ ಅನ್ನುವುದೂ ಈ ಕ್ರಮದಲ್ಲಿ ತಾನಾಗಿ ಸರಿಹೋಗುತ್ತದೆ. 42 ಮಕ್ಕಳಿಗೆ 14 ಸ್ಟಿಕ್ ಅಂದರೆ ಮೂವರಿಗೆ ಒಂದು. ನಿಲ್ಲಿಸುವುದನ್ನು ಕಲಿಯಲು ಒಂದೇ ಸ್ಟಿಕ್ ಸಾಕು, ಚೆಂಡನ್ನು ಕೈಯಲ್ಲೇ ಉರುಳಿಸಬಹುದು. ಹಾಗಾಗಿ ಮೂವರ ಗುಂಪು ಮಾಡಿ. ಒಬ್ಬರು ಉರುಳಿಸುತ್ತಾರೆ, ಒಬ್ಬರು ಸ್ಟಿಕ್ ಹಿಡಿದು ನಿಲ್ಲಿಸುತ್ತಾರೆ, ಮೂರನೆಯವರು ಪಕ್ಕದಲ್ಲಿ ಕೂತು ನೋಡುತ್ತಾರೆ. ಆರು ಚೆಂಡು ಆದ ಮೇಲೆ ಬದಲಿ. ಒಂದು ಸರದಿಗೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ, ಮೂವರದ್ದೂ ಸೇರಿ ಮೂರು ನಿಮಿಷ. ಹದಿನೈದು ನಿಮಿಷದಲ್ಲಿ ಐದು ಸುತ್ತು. ಪ್ರತಿ ಮಗುವಿಗೂ 30 ಚೆಂಡು ಸಿಕ್ಕಿತು. ಸಾಲು ನಿಲ್ಲಿಸಿ ಡ್ರಿಬಲ್ ಮಾಡಿಸಿದರೆ ಅಷ್ಟೇ ಹೊತ್ತಿನಲ್ಲಿ ಅದರ ಅರ್ಧದಷ್ಟೂ ಸಿಗುವುದಿಲ್ಲ.

ಸ್ಟಿಕ್ ಹಿಡಿಯುವುದನ್ನು ಒಂದು ಪಿರಿಯಡ್ ಪೂರ್ತಿ ಕಲಿಸಬೇಡಿ. ಎಡಗೈ ಮೇಲೆ, ಬಲಗೈ ಕೆಳಗೆ, ಗ್ರಿಪ್ ಮುಗಿಯುವ ಜಾಗದ ಹತ್ತಿರ. ಆ ಜಾಗಕ್ಕೆ ಎಲ್ಲಾ 14 ಸ್ಟಿಕ್ಕಿಗೂ ಒಂದು ಸುತ್ತು ಕೆಂಪು ವೈರಿಂಗ್ ಟೇಪ್ ಸುತ್ತಿಡಿ. "ಬಲಗೈ ಕೆಂಪಿನ ಮೇಲೆ" ಅಂದರೆ ಮುಗಿಯಿತು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕ್ರಿಕೆಟ್ ಆಡಿದವರು, ಎರಡೂ ಕೈ ಒಟ್ಟಿಗೆ ಸೇರಿಸಿ ಬ್ಯಾಟ್ ಹಿಡಿದ ಹಾಗೆ ಹಿಡಿಯುತ್ತಾರೆ. ಟೇಪ್ ಇಲ್ಲದಿದ್ದರೆ ಪ್ರತಿ ಐದು ನಿಮಿಷಕ್ಕೆ ಬಲಗೈ ಮೇಲೇರಿರುತ್ತದೆ. ಎಡಗೈ ಬಳಸುವ ಮಕ್ಕಳು "ನನಗೆ ಉಲ್ಟಾ ಹಿಡಿಯಲಾ?" ಅಂತ ಕೇಳೇ ಕೇಳುತ್ತಾರೆ. ಆಗುವುದಿಲ್ಲ. ಹಾಕಿಯಲ್ಲಿ ಎಡಗೈ ಸ್ಟಿಕ್ ಅಂತ ಇಲ್ಲ. ಚಪ್ಪಟೆ ಮುಖ ಎಡಬದಿಗೆ ಮಾತ್ರ ಇರಬೇಕು ಅನ್ನುವುದು ನಿಯಮ, ಹಿಂಬದಿಯ ಉಬ್ಬಿದ ಮುಖದಲ್ಲಿ ಚೆಂಡು ಆಡುವಂತಿಲ್ಲ. ಆ ಮಕ್ಕಳಿಗೆ ಹೇಳಿ, ಡ್ರಿಬಲ್ ಬರಲಿ, ಆಗ ನೋಡು, ಮೇಲಿನ ಕೈಯೇ ರಾಜ.

ಸ್ಟಿಕ್ಕಿನ ಉದ್ದವನ್ನೂ ಒಮ್ಮೆ ನೋಡಿ. ನೆಲಕ್ಕೆ ಊರಿ ನಿಲ್ಲಿಸಿದರೆ ತುದಿ ಸೊಂಟದ ಮೂಳೆಯ ಹತ್ತಿರ ಬಂದರೆ ಸರಿ. ಬಗ್ಗಿದಾಗ ತುದಿ ಹೊಟ್ಟೆಗೆ ಚುಚ್ಚುತ್ತಿದ್ದರೆ ಆ ಮಗುವಿಗೆ ಸ್ಟಿಕ್ ಉದ್ದ ಆಯಿತು ಅಂತ ಅರ್ಥ. ಗಿಡ್ಡ ಸ್ಟಿಕ್‌ಗಳನ್ನು ಗಿಡ್ಡ ಮಕ್ಕಳಿರುವ ಗುಂಪಿಗೆ ಕೊಡಿ. ಇದು ಸಣ್ಣ ವಿಷಯ, ಆದರೆ "ಬಗ್ಗು, ಬಗ್ಗು" ಅಂತ ನೂರು ಸಲ ಕೂಗುವುದು ತಪ್ಪುತ್ತದೆ.

ಈಗ ನಿಲ್ಲಿಸುವುದಕ್ಕೆ ಬರೋಣ. ಇದಕ್ಕೆ ನಾನು ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಹೆದರಿಕೆ ಇರುವುದೂ ಇಲ್ಲೇ, ಹೋಗುವುದೂ ಇಲ್ಲೇ.

ಮೊಣಕಾಲು ಬಗ್ಗಿರಬೇಕು, ಮೈ ಚೆಂಡಿನ ದಾರಿಗೆ ನೇರ ಇರಬೇಕು. ಚೆಂಡು ಬರುವ ಮೊದಲೇ ಸ್ಟಿಕ್ಕಿನ ತಲೆ ನೆಲಕ್ಕೆ ತಾಗಿರಬೇಕು. ಎರಡು ಪಾದಗಳ ನಡುವೆ, ಅರ್ಧ ಹೆಜ್ಜೆ ಮುಂದೆ ಚೆಂಡನ್ನು ಕಾಯಬೇಕು. ಸ್ಟಿಕ್ ನೆಟ್ಟಗೆ, ಅದರ ಮೇಲಿನ ತುದಿ ಚೂರು ಮುಂದಕ್ಕೆ ವಾಲಿರಬೇಕು. ಹೀಗೆ ವಾಲಿದರೆ ಸ್ಟಿಕ್ಕಿನ ಮುಖ ಚೆಂಡಿನ ಮೇಲೆ ಸೂರಿನ ಹಾಗೆ ಬರುತ್ತದೆ, ಚೆಂಡು ಪುಟಿದು ಮೇಲೆ ಬರಲಿಕ್ಕೆ ದಾರಿ ಇರುವುದಿಲ್ಲ. ತುದಿ ಹಿಂದಕ್ಕೆ ವಾಲಿದರೆ ಅದೇ ಮುಖ ಇಳಿಜಾರಿನ ಹಾಗಾಗುತ್ತದೆ. ಚೆಂಡು ಅದರ ಮೇಲೆ ಹತ್ತಿ ಮೊಣಕಾಲಿಗೆ ಬರುತ್ತದೆ. ಹೊಸಬರಿಗೆ ಪೆಟ್ಟಾಗುವುದರಲ್ಲಿ ಬಹುಪಾಲು ಹೀಗೇ.

ಇನ್ನೊಂದು ಮುಖ್ಯ ಸಂಗತಿ ಬಲಗೈ ಸಡಿಲ ಇರುವುದು. ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟ, ಕಿವಿಗೆ ಕೇಳಿಸುವುದು ಸುಲಭ. ಗಟ್ಟಿಯಾಗಿ ಹಿಡಿದರೆ "ಟಕ್" ಅಂತ ಸದ್ದಾಗಿ ಚೆಂಡು ಒಂದು ಮಾರು ಹಿಂದೆ ಹೋಗುತ್ತದೆ. ಸಡಿಲ ಹಿಡಿದು ಚೆಂಡು ತಾಗುವಾಗ ಸ್ಟಿಕ್ ಎರಡು ಬೆರಳಿನಷ್ಟು ಹಿಂದೆ ಬಂದರೆ ಸದ್ದೇ ಮೆತ್ತಗಾಗುತ್ತದೆ. ಮರದಿಂದ ಬೀಳುವ ಮಾವಿನಹಣ್ಣನ್ನು ಹಿಡಿಯುವಾಗ ಕೈ ತಾನಾಗಿ ಕೆಳಗೆ ಹೋಗುತ್ತದೆ ಅಲ್ವಾ, ಹಾಗೆ. ಪಕ್ಕದಲ್ಲಿ ಕೂತ ಮೂರನೆಯ ಮಗುವಿಗೆ ಕೊಡುವ ಕೆಲಸ ಇದೇ. "ಸದ್ದು ಕೇಳು, ಕೆಂಪಿನ ಮೇಲೆ ಕೈ ಇದೆಯಾ ನೋಡು." ಎರಡೇ. ಮೂರನೆಯದನ್ನು ಹೇಳಿದರೆ ಒಂದನ್ನೂ ನೋಡುವುದಿಲ್ಲ.

ಕರಾವಳಿಯ ನಮ್ಮ ಮೈದಾನಗಳಲ್ಲಿ ಸ್ಟಿಕ್ ಅಡ್ಡ ಮಲಗಿಸಿ ನಿಲ್ಲಿಸುವುದನ್ನು ಶುರುವಿಗೆ ಕಲಿಸಬೇಡಿ. ಟಿವಿಯಲ್ಲಿ ನೋಡಿದ ಮಕ್ಕಳು ಅದನ್ನೇ ಮಾಡಲು ಹೋಗುತ್ತಾರೆ. ಟರ್ಫ್‌ನಲ್ಲಿ ಚೆಂಡು ಸಪಾಟಾಗಿ ಬರುತ್ತದೆ, ಅಲ್ಲಿ ಚೆನ್ನಾಗಿ ನಡೆಯುತ್ತದೆ. ಚಿರೆಕಲ್ಲಿನ ಚೂರು ತುಂಬಿದ ಕೆಂಪು ನೆಲದಲ್ಲಿ ಚೆಂಡು ಕೊನೆಯ ಗಳಿಗೆಯಲ್ಲಿ ಹಾರುತ್ತದೆ. ಮಲಗಿದ ಸ್ಟಿಕ್ಕಿನ ಎತ್ತರ ಎಷ್ಟು? ಎರಡು ಇಂಚು. ನೆಟ್ಟಗೆ ಹಿಡಿದರೆ ಚೆಂಡು ಹಾರಿದರೂ ಸ್ಟಿಕ್ಕಿಗೇ ತಾಗುತ್ತದೆ.

ಇನ್ನು ಬೇರೆ ಬೇರೆ ಮಟ್ಟದ ಮಕ್ಕಳ ವಿಷಯ. ಮೂರು ಮಟ್ಟಕ್ಕೆ ಮೂರು ಪಾಠ ಮಾಡಲು ಹೋಗಬೇಡಿ, ನಿಮಗೆ ಎರಡೇ ಕಣ್ಣು. ಕೆಲಸ ಎಲ್ಲರಿಗೂ ಒಂದೇ ಇರಲಿ, ದೂರ, ಚೆಂಡು, ವೇಗ ಇಷ್ಟು ಬದಲಾಗಲಿ. ಒಂದು ಗುಂಪನ್ನೇ ತೆಗೆದುಕೊಳ್ಳಿ. ಅದರಲ್ಲಿ ತಾಲೂಕಿಗೆ ಆಡಿದ ಹುಡುಗ ಒಬ್ಬ, ಸಾಧಾರಣ ಆಡುವವನೊಬ್ಬ, ಹೊಸ ಹುಡುಗಿ ಒಬ್ಬಳು. ಹುಡುಗಿಗೆ ಮೂರು ಮೀಟರ್ ದೂರದಿಂದ ಟೆನ್ನಿಸ್ ಚೆಂಡು. ಸಾಧಾರಣದವನಿಗೆ ಐದು ಮೀಟರ್‌ನಿಂದ ಹಾಕಿ ಚೆಂಡು. ಆಡುವವನಿಗೆ ಎಂಟು ಮೀಟರ್‌ನಿಂದ ಜೋರಾಗಿ, ಅದೂ ಅವನ ಎಡಗಡೆಗೆ. ಅವನು ಸ್ಟಿಕ್ ತಿರುವಿ ರಿವರ್ಸ್‌ನಲ್ಲಿ ನಿಲ್ಲಿಸಬೇಕು. ಆರು ಚೆಂಡಿನಲ್ಲಿ ಐದು ನಿಂತರೆ ಉರುಳಿಸುವವರು ಒಂದು ಹೆಜ್ಜೆ ಹಿಂದೆ ಹೋಗಲಿ, ಮೂರಕ್ಕಿಂತ ಕಡಿಮೆ ನಿಂತರೆ ಒಂದು ಹೆಜ್ಜೆ ಮುಂದೆ ಬರಲಿ. ಈ ಲೆಕ್ಕವನ್ನು ಮಕ್ಕಳೇ ಇಡುತ್ತಾರೆ, ನೀವು ಕೂಗಬೇಕಾಗಿಲ್ಲ.

ಟೆನ್ನಿಸ್ ಚೆಂಡು ನಮ್ಮ ನೆಲದಲ್ಲಿ ಬಹಳ ಪುಟಿಯುತ್ತದೆ. ಹಳೆಯ ಚೆಂಡಿಗೆ ದಬ್ಬಣದಿಂದ ಒಂದೆರಡು ತೂತು ಮಾಡಿ, ಪುಟಿತ ಇಳಿಯುತ್ತದೆ. ಹಾಕಿ ಚೆಂಡು 156ರಿಂದ 163 ಗ್ರಾಂ ತೂಗುವ ಗಟ್ಟಿ ಉಂಡೆ. ಹೆದರುವ ಮಗುವಿಗೆ ಮೊದಲ ದಿನವೇ ಅದನ್ನು ಕೊಡುವುದರಲ್ಲಿ ಯಾವ ಶೌರ್ಯವೂ ಇಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಆರು ಚೆಂಡಿನಲ್ಲಿ ಒಂದನ್ನು ನಿಲ್ಲಿಸಿದರೆ ಹೆಚ್ಚು. ನಾನು ಎರಡು ಪಿರಿಯಡ್ ಅವಳ ಕೈ ತಿದ್ದಿದೆ. ಆಮೇಲೆ ಗೊತ್ತಾಯಿತು, ತಪ್ಪು ಕೈಯಲ್ಲಿ ಇರಲೇ ಇಲ್ಲ. ಚೆಂಡು ಒಂದು ಮೀಟರ್ ದೂರ ಇರುವಾಗ ಅವಳ ಬಲಗಾಲು ಪಕ್ಕಕ್ಕೆ ಹೋಗುತ್ತಿತ್ತು, ಮುಖ ಮೇಲೆ ಏಳುತ್ತಿತ್ತು. ಕಾಲು ಸರಿದರೆ ಮೈ ಸರಿಯುತ್ತದೆ, ಮೈ ಸರಿದರೆ ಸ್ಟಿಕ್ ಸರಿಯುತ್ತದೆ. ಹೆದರಿಕೆ ಯಾವತ್ತೂ ಮೊದಲು ಪಾದದಲ್ಲಿ ಕಾಣುತ್ತದೆ, ಕೈಯನ್ನು ನೋಡುತ್ತಾ ಕೂತರೆ ಸಿಗುವುದಿಲ್ಲ. ಅವಳಿಗೆ ತೂತು ಮಾಡಿದ ಟೆನ್ನಿಸ್ ಚೆಂಡು ಕೊಟ್ಟು, ಎರಡು ಮೀಟರ್‌ನಿಂದ ಉರುಳಿಸಿ, ಕಾಲಿಗೇ ತಾಗಲಿ ಬಿಡು ಅಂದೆ. ನಾಲ್ಕೈದು ಸಲ ತಾಗಿಸಿಕೊಂಡು ನಕ್ಕಳು. ಅದೇ ದಿನ ಆರರಲ್ಲಿ ನಾಲ್ಕು ನಿಂತಿತು. ಮುಂದಿನ ಪಿರಿಯಡ್‌ನಲ್ಲಿ ಹಾಕಿ ಚೆಂಡು ಕೊಟ್ಟಾಗ ಮತ್ತೆ ಎರಡಕ್ಕೆ ಇಳಿಯಿತು, ಕೊನೆಗೆ ಐದಕ್ಕೆ ಬಂತು. ಆ ಇಳಿತ ಇದ್ದೇ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಟೆನ್ನಿಸ್ ಚೆಂಡಿಗೆ ವಾಪಸ್ ಹೋಗಬೇಡಿ, ದೂರ ಕಡಿಮೆ ಮಾಡಿ ಸಾಕು.

ನಾಲ್ಕನೇ ಪಿರಿಯಡ್‌ನಿಂದ ಪುಶ್. ಎರಡೆರಡು ಗುಂಪು ಸೇರಿಸಿ ಆರು ಮಂದಿಯ ಏಳು ಗುಂಪು ಮಾಡಿ, ಪ್ರತಿ ಗುಂಪಿಗೆ ಎರಡು ಸ್ಟಿಕ್. ಒಬ್ಬರು ದೂಡುತ್ತಾರೆ, ಎದುರಿನವರು ನಿಲ್ಲಿಸುತ್ತಾರೆ, ಇಬ್ಬರು ನೋಡುತ್ತಾರೆ, ಎರಡೂ ತುದಿಗೆ ಒಬ್ಬೊಬ್ಬರು ತಪ್ಪಿದ ಚೆಂಡು ತರುತ್ತಾರೆ. ಗುಂಪಿಂದ ಗುಂಪಿಗೆ ಮೂರು ಮೀಟರ್ ಅಂತರ ಇರಲಿ, ಎಲ್ಲಾ ಗುಂಪೂ ಒಂದೇ ದಿಕ್ಕಿಗೆ ಇರಲಿ.

ನಿಲ್ಲಿಸುವಾಗ ಮಟ್ಟ ಬೆರೆಸಿದ ಗುಂಪು ಸರಿ, ಯಾಕೆಂದರೆ ಕೈಯಲ್ಲಿ ಉರುಳಿಸುವುದು ಎಲ್ಲರಿಗೂ ಬರುತ್ತದೆ. ಪುಶ್‌ನಲ್ಲಿ ಬೆರೆಸಬೇಡಿ. ಹೊಸಬರು ದೂಡಿದ ಚೆಂಡು ಎತ್ತಲೋ ಹೋದರೆ ಎದುರಿಗಿರುವ ಒಳ್ಳೆಯ ಆಟಗಾರ ಗೇರುಗಿಡದ ಬುಡದಲ್ಲಿ ಚೆಂಡು ಹುಡುಕುತ್ತಾ ಇರುತ್ತಾನೆ. ಅವನು ಜೋರಾಗಿ ದೂಡಿದರೆ ಇವರು ಕಾಲು ಎತ್ತುತ್ತಾರೆ. ಈ ಎರಡು ಪಿರಿಯಡ್ ಒಂದೇ ಮಟ್ಟದವರು ಒಟ್ಟಿಗಿರಲಿ. ಹೊಸಬರು ನಾಲ್ಕು ಮೀಟರ್, ಆಡುವವರು ಎಂಟು ಮೀಟರ್. ನಮ್ಮ ನೆಲದಲ್ಲಿ ಎಂಟಕ್ಕಿಂತ ಜಾಸ್ತಿ ದೂರದ ಪುಶ್ ಕೇಳಿದರೆ ಮಕ್ಕಳು ತಾವಾಗಿ ಹೊಡೆಯಲು ಶುರು ಮಾಡುತ್ತಾರೆ.

ಪುಶ್‌ಗೆ ಚೆಂಡು ಬಲಪಾದದ ಹತ್ತಿರ ಇರಬೇಕು, ಎಡಭುಜ ಗುರಿಯ ಕಡೆ. ಸ್ಟಿಕ್ ಮೊದಲೇ ಚೆಂಡಿಗೆ ತಾಗಿರಬೇಕು. ಮೈಯ ಭಾರ ಬಲಗಾಲಿನಿಂದ ಎಡಗಾಲಿಗೆ ಬರುವಾಗ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದುಕೊಂಡು ಬಂದು ಎಡಪಾದ ದಾಟುವಾಗ ಬಿಡಬೇಕು. ಸ್ಟಿಕ್ ಗುರಿಯ ಕಡೆಗೇ ಚಾಚಿ ನಿಲ್ಲಬೇಕು, ಮೊಣಕಾಲಿಗಿಂತ ಮೇಲೆ ಹೋಗಬಾರದು. ಮಳೆಗಾಲದಲ್ಲಿ ಅಂಗಳಕ್ಕೆ ಬಂದ ನೀರನ್ನು ಪೊರಕೆಯಿಂದ ದೂಡಿದ ಹಾಗೆ. ನಮ್ಮ ಮಕ್ಕಳಿಗೆ ಇದನ್ನು ತೋರಿಸಬೇಕಾಗಿಯೇ ಇಲ್ಲ, ಮನೆಯಲ್ಲಿ ಮಾಡಿರುತ್ತಾರೆ.

ಇಲ್ಲಿ ನಿಮ್ಮ ಮಾತಿನ ಮೇಲೆ ಒಂದು ಕಣ್ಣಿಡಿ. "ಹೊಡಿ" ಅನ್ನಬೇಡಿ, "ದೂಡು" ಅನ್ನಿ. ಹೊಡಿ ಅಂದರೆ ಮಗು ಸ್ಟಿಕ್ ಹಿಂದಕ್ಕೆ ಎತ್ತಿಯೇ ಎತ್ತುತ್ತದೆ, ಆ ಪದದ ಅರ್ಥವೇ ಅದು. ಕಾರವಾರದ ಕಡೆಯ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೂರನೇ ಪಿರಿಯಡ್‌ಗೇ "ಹೊಡೀರಿ" ಅಂದೆ. ಚೆಂಡು ಎದ್ದು ಒಬ್ಬ ಹುಡುಗನ ಮೊಣಕಾಲ ಕೆಳಗೆ ಬಡಿಯಿತು. ಅವನು ಒಂದು ವಾರ ಕುಂಟಿದ, ನನಗೆ ಹೆಡ್‌ಮಾಸ್ತರ ಹತ್ತಿರ ಬೈಗುಳ ಆಯಿತು. ತಪ್ಪು ನನ್ನದೇ. ಮಕ್ಕಳಿಗೆಲ್ಲ ಶಿನ್‌ಗಾರ್ಡ್ ಇಲ್ಲದ ಶಾಲೆಯಲ್ಲಿ ಹಿಟ್ ಕಲಿಸಲೇಬಾರದು.

ಪುಶ್ ಸರಿಯಾಗಿದೆಯಾ ಅಂತ ತಿಳಿಯಲು ಇಲ್ಲೂ ಕಿವಿ ಸಾಕು. ಸ್ಟಿಕ್ ಮೊದಲೇ ಚೆಂಡಿಗೆ ತಾಗಿದ್ದರೆ ಸದ್ದು ಬರುವುದಿಲ್ಲ. "ಟಪ್" ಅಂತ ಕೇಳಿದರೆ ಅದು ಪುಶ್ ಅಲ್ಲ, ಸಣ್ಣ ಹೊಡೆತ. ಏಳು ಗುಂಪಿನ ನಡುವೆ ಬೆನ್ನು ತಿರುಗಿಸಿ ನಿಂತರೂ ಯಾವ ಗುಂಪಿಗೆ ಹೋಗಬೇಕು ಅಂತ ಗೊತ್ತಾಗುತ್ತದೆ. ಚೆಂಡು ಬಲಕ್ಕೆ ಹೋಗುತ್ತಿದ್ದರೆ ಬೇಗ ಬಿಟ್ಟಿದ್ದಾರೆ, ಸ್ಟಿಕ್ ಇನ್ನೂ ಪೂರ್ತಿ ಮುಂದೆ ಬಂದಿಲ್ಲ. ಎಡಕ್ಕೆ ಹೋದರೆ ಕೊನೆಯಲ್ಲಿ ಸ್ಟಿಕ್ ಮೈ ಸುತ್ತ ತಿರುಗಿದೆ. ಚೆಂಡು ನೆಲ ಬಿಟ್ಟು ಎದ್ದರೆ ಕೈಗಳು ಚೆಂಡಿಗಿಂತ ಹಿಂದೆ ಉಳಿದಿವೆ, ಸ್ಟಿಕ್ಕಿನ ಮುಖ ಆಕಾಶ ನೋಡುತ್ತಿದೆ.

ಗುರಿಗೆ ಕೋನ್ ಬೇಕಾಗಿಲ್ಲ. ಅಡಿಕೆ ಹಾಳೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಒಂದು ಮೀಟರ್ ಅಂತರದಲ್ಲಿ ಎರಡು ತುಂಡು ಇಡಿ. ಕಲ್ಲು ಇಟ್ಟರೆ ಚೆಂಡು ತಾಗಿ ಹಾರುತ್ತದೆ, ತೆಂಗಿನ ಕರಟ ಇಟ್ಟರೆ ಕಾಲು ಉಳುಕುತ್ತದೆ. ಹಾಳೆಯ ಮೇಲೆ ಚೆಂಡು ಸುಮ್ನೆ ಹಾದುಹೋಗುತ್ತದೆ. ಹಾಳೆಗಳ ನಡುವೆ ಹೋದ ಪಾಸನ್ನು ಎದುರಿನವರು ನಿಲ್ಲಿಸಿದರೆ ಮಾತ್ರ ಒಂದು ಅಂಕ. ಇದರಿಂದ ದೂಡುವವರು ಜೋರು ತೋರಿಸುವುದನ್ನು ಬಿಟ್ಟು, ನಿಲ್ಲಿಸಲು ಆಗುವಂತಹ ಪಾಸ್ ಕೊಡಲು ಕಲಿಯುತ್ತಾರೆ.

ಹತ್ತು ಪಾಸಿನಲ್ಲಿ ಏಳು ನಿಂತ ಮಕ್ಕಳನ್ನು ಡ್ರಿಬಲ್‌ಗೆ ಕಳಿಸಿ. ಎಲ್ಲರೂ ಒಂದೇ ದಿನ ಹೋಗಬೇಕಾಗಿಲ್ಲ. ಆರನೇ ಪಿರಿಯಡ್‌ನಲ್ಲಿ ಮೈದಾನದ ಅರ್ಧದಲ್ಲಿ ಪುಶ್, ಇನ್ನರ್ಧದಲ್ಲಿ ಡ್ರಿಬಲ್ ನಡೆದರೂ ಅಡ್ಡಿಯಿಲ್ಲ.

ಮೊದಲು ನೇರ ಡ್ರಿಬಲ್ ಮಾತ್ರ. ಚೆಂಡು ಬಲಪಾದದ ಮುಂದೆ, ತುಸು ಹೊರಗೆ. ಸ್ಟಿಕ್ ಚೆಂಡಿಗೆ ಅಂಟಿದ ಹಾಗೆ ಇರಲಿ. ಹತ್ತು ಮೀಟರ್ ನಡಿಗೆ, ಓಟ ಬೇಡ. ನೀವು ಸೀಟಿ ಊದಿದಾಗ ಚೆಂಡು ಅಲ್ಲೇ ನಿಲ್ಲಬೇಕು. ಸೀಟಿಗೆ ಚೆಂಡು ಒಂದು ಹೆಜ್ಜೆಯೊಳಗೆ ನಿಂತವರು ಮಾತ್ರ ಮುಂದಿನ ಸಲ ಮೆಲ್ಲ ಓಡಬಹುದು. ಹೀಗೆ ಮಾಡಿದರೆ ವೇಗವನ್ನು ನೀವು ಹಂಚಬೇಕಾಗಿಲ್ಲ, ಪ್ರತಿ ಮಗುವಿನ ಸ್ಟಾಪ್ ಎಷ್ಟಿದೆಯೋ ಅಷ್ಟೇ ವೇಗ ಅದಕ್ಕೆ ಸಿಗುತ್ತದೆ.

ಆಮೇಲೆ ಎಡಬಲ ಆಡಿಸುವ ಡ್ರಿಬಲ್, ಇಂಡಿಯನ್ ಡ್ರಿಬಲ್ ಅಂತ ಹೊರದೇಶದವರೂ ಕರೆಯುವುದು. ಇದರಲ್ಲಿ ಸ್ಟಿಕ್ ತಿರುಗಿಸುವುದು ಎಡಗೈ ಮಾತ್ರ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗಿ, ಕೊಕ್ಕೆಯ ತುದಿ ನಮ್ಮ ಕಡೆ ಬರಬೇಕು, ಚಪ್ಪಟೆ ಮುಖ ಚೆಂಡಿನ ಎಡಬದಿಗೆ ಕೂರಬೇಕು. ಬಲಗೈ ಕೊಳವೆಯ ಹಾಗೆ, ಸ್ಟಿಕ್ ಅದರೊಳಗೆ ತಿರುಗುತ್ತದೆ. ಹೊಸಬರು ಎರಡೂ ಕೈ ತಿರುಗಿಸುತ್ತಾರೆ, ಮಣಿಕಟ್ಟು ಸಿಕ್ಕಿಹಾಕಿಕೊಳ್ಳುತ್ತದೆ, ಚೆಂಡು ಸ್ಟಿಕ್ಕಿನ ಉಬ್ಬಿದ ಬೆನ್ನಿಗೆ ತಾಗುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟು. ತೋಟದಲ್ಲಿ ಉಳಿದ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ನಾಲ್ಕು ಇಂಚು ಉದ್ದಕ್ಕೆ ಕತ್ತರಿಸಿ, ಅಂಚು ಉಜ್ಜಿ, ಸ್ಟಿಕ್ಕಿನ ಮೇಲಿನಿಂದ ತೂರಿಸುತ್ತೇನೆ. ಬಲಗೈ ಪೈಪನ್ನು ಹಿಡಿಯುತ್ತದೆ. ಈಗ ಬಲಗೈ ತಿರುಗಿಸಿದರೂ ಪೈಪ್ ತಿರುಗುತ್ತದೆಯೇ ಹೊರತು ಸ್ಟಿಕ್ ತಿರುಗುವುದಿಲ್ಲ. ಮಗುವಿಗೆ ಎಡಗೈ ಬಳಸದೆ ಬೇರೆ ದಾರಿಯೇ ಇಲ್ಲ. ಐದು ನಿಮಿಷ ಪೈಪ್ ಇಟ್ಟು, ಐದು ನಿಮಿಷ ತೆಗೆದು ಮಾಡಿಸಿ. ನಾಲ್ಕು ಪೈಪ್ ಇದ್ದರೆ ಕ್ಲಾಸಿಗೆಲ್ಲ ಸಾಕು, ಬೇಕಾದವರಿಗೆ ಮಾತ್ರ. ಎಲ್ಲರೂ ಎರಡು ಪಿರಿಯಡ್‌ನಲ್ಲಿ ಇದನ್ನು ಕಲಿಯುವುದಿಲ್ಲ. ಬಾರದವರು ನೇರ ಡ್ರಿಬಲ್‌ನಲ್ಲೇ ಇರಲಿ, ಆಟಕ್ಕೆ ಅಷ್ಟು ಸಾಕು.

ಎಂಟನೇ ಪಿರಿಯಡ್‌ನಲ್ಲಿ ಮಟ್ಟ ಮತ್ತೆ ಬೆರೆಸಿ. ಹತ್ತು ಮೀಟರ್ ಚೌಕದಲ್ಲಿ ಮೂವರ ಎದುರು ಒಬ್ಬರು, ನಾಲ್ಕೂ ಮಂದಿಗೆ ಸ್ಟಿಕ್. ಮೂರು ಚೌಕಕ್ಕೆ 12 ಸ್ಟಿಕ್ ಹೋಯಿತು. ಉಳಿದ ಎರಡು ಸ್ಟಿಕ್ಕಿನಲ್ಲಿ ಪಕ್ಕದಲ್ಲಿ ಪುಶ್ ನಡೆಯಲಿ, ಬಾಕಿಯವರು ಚೌಕದ ಹೊರಗೆ ಅಂಕ ಬರೆಯುತ್ತಾ ಕಾಯಲಿ, ಮೂರು ನಿಮಿಷಕ್ಕೆ ಬದಲಿ. ಮೂವರು ಸೇರಿ ಐದು ಪಾಸ್ ಮಾಡಿದರೆ ಒಂದು ಅಂಕ, ಕಾಲಿಗೆ ತಾಗಿದರೆ ಚೆಂಡು ಆ ಒಬ್ಬರಿಗೆ. ನಿಮ್ಮ ನಾಲ್ಕು ಒಳ್ಳೆಯ ಆಟಗಾರರನ್ನು ಮೂವರ ಪಾಳಿಯಲ್ಲಿ ಹಾಕಬೇಡಿ. ಅವರು ಚೆಂಡು ಬಿಡುವುದಿಲ್ಲ. ಅವರನ್ನು ತಡೆಯುವ ಒಬ್ಬರಾಗಿ ಹಾಕಿ, ಒಂದು ಷರತ್ತಿನೊಂದಿಗೆ. ಕಸಿದುಕೊಳ್ಳುವುದು ರಿವರ್ಸ್ ಸ್ಟಿಕ್ಕಿನಲ್ಲಿ ಮಾತ್ರ, ಕಸಿದ ಚೆಂಡನ್ನು ಡ್ರಿಬಲ್ ಮಾಡಿ ಚೌಕದ ಹೊರಗೆ ತರಬೇಕು. ಅವರಿಗೂ ಬೆವರು ಬರುತ್ತದೆ.